ಐದು ಬಗೆಯ ಮಚ್ಚೆ, ಒಂದು ಕೋಷ್ಟಕ

ಮಕ್ಕಳ ಚರ್ಮರೋಗಗಳನ್ನು ಕುರಿತು ವೈದ್ಯಾಧಿಕಾರಿಗಳೊಬ್ಬರು ಮಕ್ತಲ್‌ನಲ್ಲಿ ಶಿಕ್ಷಕರಿಗಾಗಿ ಮಾಡಿದ ಎರಡು ಗಂಟೆಗಳ ಉಪನ್ಯಾಸವನ್ನು ನಾವು ಒಂದೇ ಪುಟದ ಕೋಷ್ಟಕಕ್ಕೆ ಇಳಿಸಿಕೊಂಡ ಬಗೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಮನೆಯಲ್ಲಿ ಮಕ್ಕಳಿರುವವರೆಲ್ಲರಿಗೂ ಇದು ಬೇಕಾಗುವ ವಿಷಯ.

ವೈದ್ಯರ ಉಪನ್ಯಾಸ ಒಂದೊಂದೇ ರೋಗವನ್ನು ಹೆಸರಿಸಿ, ಅದರ ಕಾರಣ, ಲಕ್ಷಣ, ಚಿಕಿತ್ಸೆಗಳನ್ನು ಹೇಳಿ, ಮುಂದಿನ ರೋಗಕ್ಕೆ ಹೋಗುತ್ತದೆ. ಅಲ್ಲಿ ಹೆಸರು ಮೊದಲು, ಲಕ್ಷಣ ಆಮೇಲೆ. ಶಾಲೆಯಲ್ಲಿಯೂ ಮನೆಯಲ್ಲಿಯೂ ನಡೆಯುವುದು ಇದಕ್ಕೆ ವಿರುದ್ಧ. ಮಗುವಿನ ತೋಳಿನ ಮೇಲೊಂದು ಮಚ್ಚೆ ಮೊದಲು ಕಾಣುತ್ತದೆ, ಹೆಸರು ಗೊತ್ತಿರುವುದಿಲ್ಲ. ಆದ್ದರಿಂದ ಟಿಪ್ಪಣಿಯನ್ನು ಚಿಕ್ಕದು ಮಾಡಿದರೆ ಸಾಲದು. ಅದರ ದಿಕ್ಕನ್ನೇ ತಿರುಗಿಸಬೇಕು. ಕೋಷ್ಟಕ ಮಾಡುವ ಕೆಲಸ ಅದೇ. ಅಡ್ಡಸಾಲಿನಲ್ಲಿ ಓದಿದರೆ ಉಪನ್ಯಾಸ, ಕಂಬಸಾಲಿನಲ್ಲಿ ಓದಿದರೆ ಪರೀಕ್ಷೆ.

ಮೊದಲ ಹೆಜ್ಜೆ, ಯಾವ ರೋಗಗಳನ್ನು ಸೇರಿಸಬೇಕೆಂಬುದು. ಉಪನ್ಯಾಸದಲ್ಲಿ ಕಜ್ಜಿ, ಬೊಕ್ಕೆ, ಹೇನು ಎಲ್ಲವೂ ಬಂದಿದ್ದವು. ಆದರೆ ಕಜ್ಜಿಯನ್ನು ಕಂಡು ಯಾರೂ ತೊನ್ನೆಂದು ಭ್ರಮಿಸುವುದಿಲ್ಲ. ಒಂದನ್ನು ನೋಡಿ ಇನ್ನೊಂದೆಂದು ತಿಳಿಯುವ ಸಂಭವವಿರುವ ಐದನ್ನು ಮಾತ್ರ ಉಳಿಸಿಕೊಂಡೆವು.

ಎರಡನೆಯದು ಹೆಸರುಗಳ ತೊಡಕು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ನಮ್ಮ ಮನೆಗಳಲ್ಲಿ ಎರಡು ಭಾಷೆಗಳು ಒಟ್ಟಿಗೆ ಬಾಳುತ್ತವೆ. ನಮ್ಮ ಗಜಕರ್ಣ ತೆಲುಗಿನವರಿಗೆ ತಾಮರ, ಸಿಬ್ಬು ಅವರಿಗೆ ಶೋಭಿ, ತೊನ್ನು ಬೊಲ್ಲಿ. ಇದರ ಮೇಲೆ ತೊನ್ನಿಗೆ ಶ್ವೇತಕುಷ್ಠವೆಂಬ ಹಳೆಯ ಹೆಸರೂ ಇದೆ. ತೊನ್ನಿಗೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ; ಆದರೂ ಆ ಹೆಸರೊಂದೇ ಎಷ್ಟೋ ಮನೆಗಳನ್ನು ಹೆದರಿಸಿದೆ. ಅದಕ್ಕಾಗಿ ಎರಡು ಭಾಷೆಯ ಹೆಸರುಗಳನ್ನೂ ಬರೆದುಕೊಂಡೆವು.

ಮೂರನೆಯದು ಕಂಬಸಾಲುಗಳ ಆಯ್ಕೆ. ಒಂದು ಪ್ರಶ್ನೆಗೆ ಐದು ರೋಗಗಳೂ ಒಂದೇ ಉತ್ತರ ಕೊಟ್ಟರೆ ಆ ಪ್ರಶ್ನೆ ನಿರರ್ಥಕ. ‘ಜ್ವರವಿದೆಯೇ?’ ಎಂದರೆ ಸಾಮಾನ್ಯವಾಗಿ ಐದರಲ್ಲಿಯೂ ಇಲ್ಲ, ಅದನ್ನು ಹೊಡೆದುಹಾಕಿದೆವು. ಸೂಕ್ಷ್ಮದರ್ಶಕ ಬೇಕಾಗುವ ಪ್ರಶ್ನೆಗಳನ್ನೂ ಬಿಟ್ಟೆವು. ಕಣ್ಣಿನಿಂದ, ಕೈಯಿಂದ, ಮಗುವನ್ನು ಕೇಳುವುದರಿಂದ ಉತ್ತರ ಸಿಕ್ಕುವಂಥವು ಮಾತ್ರ ಉಳಿದವು. ಒಂದು ರೋಗಕ್ಕೆ ಕೇಳಿದ ಪ್ರಶ್ನೆಯನ್ನು ಉಳಿದ ನಾಲ್ಕಕ್ಕೂ ಕೇಳಿದೆವು. ಆಗ ಕೆಲವು ಮನೆಗಳು ಖಾಲಿ ಉಳಿದವು. ಅವನ್ನು ಊಹೆಯಿಂದ ತುಂಬದೆ ವೈದ್ಯರನ್ನೇ ಕೇಳಿ ತುಂಬಿದೆವು. ಕೋಷ್ಟಕ ಹೀಗಾಯಿತು:

| ರೋಗ | ನೋಟ | ತುರಿಕೆ, ಹೊಟ್ಟು | ಸ್ಪರ್ಶಜ್ಞಾನ | ಚಿಕಿತ್ಸೆ |
|---|---|---|---|---|
| ಗಜಕರ್ಣ (ತಾಮರ) | ಉಂಗುರದಂತೆ ದುಂಡಗೆ, ಅಂಚು ಕೆಂಪಾಗಿ ಉಬ್ಬಿ | ತುರಿಕೆ ಬಹಳ; ಅಂಚಿನಲ್ಲಿ ಹೊಟ್ಟು | ಇದೆ | ಶಿಲೀಂಧ್ರನಾಶಕ ಮುಲಾಮು |
| ಸಿಬ್ಬು (ಶೋಭಿ) | ಎದೆ, ಬೆನ್ನು, ಕತ್ತಿನಲ್ಲಿ ಹಲವು ಚಿಕ್ಕ ಮಚ್ಚೆ | ತುರಿಕೆ ಅಲ್ಪ. ಕೆರೆದರೆ ನಯವಾದ ಹೊಟ್ಟು | ಇದೆ | ಶಿಲೀಂಧ್ರನಾಶಕ. ಬಣ್ಣ ಮರಳಲು ತಿಂಗಳುಗಳು |
| ಕೆನ್ನೆಯ ಮಂಕು ಮಚ್ಚೆ | ಮಕ್ಕಳ ಮುಖದಲ್ಲಿ, ಅಂಚು ಅಸ್ಪಷ್ಟ | ತುರಿಕೆ ಇಲ್ಲ ಅಥವಾ ಅಲ್ಪ; ಒಣ ಹೊಟ್ಟು | ಇದೆ | ಚರ್ಮ ಒಣಗದಂತೆ ಲೇಪ; ತಾನಾಗಿ ಮಾಯುತ್ತದೆ |
| ತೊನ್ನು (ಬೊಲ್ಲಿ) | ಹಾಲಿನಂತೆ ಅಚ್ಚ ಬಿಳುಪು, ಅಂಚು ಸ್ಪಷ್ಟ | ಸಾಮಾನ್ಯವಾಗಿ ಎರಡೂ ಇಲ್ಲ | ಇದೆ | ಚರ್ಮವೈದ್ಯರ ಮುಲಾಮು, ಬೆಳಕಿನ ಚಿಕಿತ್ಸೆ, ಅಂಟುವುದಿಲ್ಲ |
| ಕುಷ್ಠ | ಮಾಸಲು ಅಥವಾ ತಾಮ್ರವರ್ಣ. ಅಚ್ಚ ಬಿಳುಪಲ್ಲ | ತುರಿಕೆ ಇಲ್ಲ. ಕೆಲವೊಮ್ಮೆ ಒಣಗಿ ಒರಟು | ಇಲ್ಲ ಅಥವಾ ಕಡಿಮೆ | ಬಹು ಔಷಧ ಚಿಕಿತ್ಸೆ, 6 ಅಥವಾ 12 ತಿಂಗಳು, ಉಚಿತ |

ಈ ಕೋಷ್ಟಕದ ಜೀವಾಳ ನಾಲ್ಕನೆಯ ಕಂಬಸಾಲು. ನಾಲ್ಕು ರೋಗಗಳು ‘ಇದೆ’ ಎನ್ನುವಲ್ಲಿ ಒಂದು ‘ಇಲ್ಲ’ ಎನ್ನುತ್ತದೆ. ಕುಷ್ಠದ ಸೂಕ್ಷ್ಮಜೀವಿ ಚರ್ಮದೊಡನೆ ನರವನ್ನೂ ಹಿಡಿಯುವುದೇ ಇದಕ್ಕೆ ಕಾರಣ.

ಒಂದು ಪ್ರಸಂಗವನ್ನು ಈ ಕೋಷ್ಟಕದ ಮೇಲಿಟ್ಟು ನೋಡೋಣ. ಊರು, ಹೆಸರು ಬೇಡ. ಹತ್ತು ವರ್ಷದ ಹುಡುಗನ ಮುಂಗೈ ಹಿಂಭಾಗದಲ್ಲಿ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಮಾಸಲು ಮಚ್ಚೆ. ಮನೆಯವರು ತಾಮರವೆಂದು ಅಂಗಡಿಯ ಮುಲಾಮನ್ನು ಎರಡು ತಿಂಗಳು ಹಚ್ಚಿದ್ದರು. ತುರಿಕೆ ಇಲ್ಲ, ಉಂಗುರದಂತೆ ಉಬ್ಬಿದ ಅಂಚಿಲ್ಲ, ಗಜಕರ್ಣ ಬಿಟ್ಟುಹೋಯಿತು. ಒಂದೇ ಮಚ್ಚೆ, ಅದೂ ಕೈಯ ಮೇಲೆ, ಸಿಬ್ಬು ಅನುಮಾನ. ಮುಖದಲ್ಲಲ್ಲ. ಅಚ್ಚ ಬಿಳುಪೂ ಅಲ್ಲ. ಉಳಿದದ್ದು ಸ್ಪರ್ಶ.

ಅದನ್ನು ನೋಡುವ ಕ್ರಮ ಹೀಗೆ. ಹತ್ತಿಯ ಎಳೆಯನ್ನು ಹೊಸೆದು ತುದಿ ಮಾಡಿ, ಮೊದಲು ಹುಡುಗನ ಕಣ್ಣ ಮುಂದೆಯೇ ಒಳ್ಳೆಯ ಚರ್ಮಕ್ಕೆ ಮುಟ್ಟಿಸಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಕಲಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ, ಒಮ್ಮೆ ಒಳ್ಳೆಯ ಚರ್ಮಕ್ಕೆ, ಒಮ್ಮೆ ಮಚ್ಚೆಗೆ, ಕ್ರಮವಿಲ್ಲದೆ ಮುಟ್ಟಿಸಬೇಕು. ಎಳೆಯನ್ನು ಸವರಬಾರದು, ಮುಟ್ಟಿಸಿ ತೆಗೆಯಬೇಕು. ‘ಗೊತ್ತಾಯಿತೇ?’ ಎಂದು ಪ್ರತಿಬಾರಿ ಕೇಳಬಾರದು. ಕೇಳಿದರೆ ಮಗು ನಮ್ಮನ್ನು ಮೆಚ್ಚಿಸಲು ಹೌದೆನ್ನುತ್ತದೆ. ಈ ಹುಡುಗ ಒಳ್ಳೆಯ ಚರ್ಮದ ಮೇಲಿನ ಸ್ಪರ್ಶವನ್ನು ಪ್ರತಿಸಲವೂ ತೋರಿಸಿದ. ಮಚ್ಚೆಯ ನಡುವಿನದನ್ನು ಒಂದು ಸಲವೂ ತೋರಿಸಲಿಲ್ಲ.

ಆತನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಲಾಯಿತು. ವೈದ್ಯರು ಮೈಯೆಲ್ಲ ನೋಡಿ, ಬೆನ್ನಿನ ಮೇಲೆ ಇನ್ನೊಂದು ಮಚ್ಚೆಯನ್ನು ಕಂಡರು. ಮಚ್ಚೆ ಐದರೊಳಗಿದ್ದರೆ 6 ತಿಂಗಳು, ಅದಕ್ಕೆ ಮೇಲಾದರೆ 12 ತಿಂಗಳು ಎಂಬುದು ಸಾಮಾನ್ಯ ನಿಯಮ. ನರಗಳು ಬಾತಿವೆಯೇ ಎಂಬುದನ್ನೂ ವೈದ್ಯರು ಗಣಿಸುತ್ತಾರೆ. ಹುಡುಗನಿಗೆ 6 ತಿಂಗಳ ಔಷಧ ಕೊಟ್ಟರು. ಮೂತ್ರ ಕೆಂಪಾದಾಗ ತಾಯಿ ಗಾಬರಿಯಾಗಿ ಔಷಧ ನಿಲ್ಲಿಸಹೊರಟಳು. ಅದು ರಿಫಾಂಪಿಸಿನ್ ಎಂಬ ಔಷಧದ ಬಣ್ಣವಷ್ಟೇ, ಅಪಾಯವಿಲ್ಲವೆಂದು ತಿಳಿದ ಮೇಲೆ ಮುಂದುವರಿಸಿದಳು. ಔಷಧ ತೊಡಗಿದ ಮೇಲೆ ರೋಗ ಹರಡುವ ಶಕ್ತಿ ಬೇಗ ಅಡಗುವುದರಿಂದ ಹುಡುಗನನ್ನು ತರಗತಿಯಿಂದ ದೂರವಿಡುವ ಕಾರಣವೇ ಇರಲಿಲ್ಲ.

ಕೋಷ್ಟಕದ ಮಿತಿಯನ್ನೂ ಅದರ ಕೆಳಗೇ ಬರೆದಿದ್ದೇವೆ. ಮುಖದ ಚರ್ಮದಲ್ಲಿ ನರಗಳು ದಟ್ಟವಾಗಿರುವುದರಿಂದ ಅಲ್ಲಿ ಕುಷ್ಠವಿದ್ದರೂ ಸ್ಪರ್ಶ ಉಳಿದಿರಬಹುದು. ಕುಷ್ಠದ ಇನ್ನೊಂದು ಬಗೆಯಲ್ಲಿ ಮೈತುಂಬ ಅಸ್ಪಷ್ಟ ಮಚ್ಚೆಗಳೆದ್ದು ಚರ್ಮ ಹೊಳೆಯುತ್ತದೆ. ಅಲ್ಲಿಯೂ ಮೊದಮೊದಲು ಸ್ಪರ್ಶ ಹೋಗಿರುವುದಿಲ್ಲ. ತೀರ ಚಿಕ್ಕ ಮಕ್ಕಳ ಉತ್ತರವನ್ನು ನಂಬಲಾಗದು. ಎಂದರೆ ‘ಸ್ಪರ್ಶವಿಲ್ಲ’ ಎಂಬುದು ತಡಮಾಡದೆ ವೈದ್ಯರಲ್ಲಿಗೆ ಹೋಗಲು ಕಾರಣ. ‘ಸ್ಪರ್ಶವಿದೆ’ ಎಂಬುದು ಸುಮ್ಮನಿರಲು ಕಾರಣವಲ್ಲ.

ಚಿಕಿತ್ಸೆಯ ಸಾಲನ್ನು ಕೂಡಿಸಿದ್ದು ನಾವೇ ಮದ್ದು ಕೊಡಲೆಂದಲ್ಲ, ಒಂದರ ಮದ್ದು ಇನ್ನೊಂದಕ್ಕೆ ಒದಗದೆಂದು ಕಣ್ಣಿಗೆ ಕಾಣಲೆಂದು. ಅಂಗಡಿಯಲ್ಲಿ ಸಿಕ್ಕುವ ಹಲವು ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದನ್ನು ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ಇಳಿದು, ಅಂಚು ಮಾಸಿ, ರೋಗ ಮಾತ್ರ ಒಳಗೊಳಗೇ ಹರಡುತ್ತದೆ. ಆಮೇಲೆ ನೋಡುವವರಿಗೆ ನಮ್ಮ ಎರಡನೆಯ ಕಂಬಸಾಲೇ ಸುಳ್ಳು ಹೇಳುತ್ತದೆ. ಕುಷ್ಠದ ಮೇಲೆ ಗಜಕರ್ಣದ ಮುಲಾಮು ಕೆಲಸ ಮಾಡದು. ಕಳೆದ ತಿಂಗಳುಗಳಲ್ಲಿ ನರ ಸಾಯಬಹುದು. ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದು 1980ರ ದಶಕದ ಆರಂಭದಲ್ಲಿ. ಭಾರತದಲ್ಲಿ ಈ ರೋಗ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕೆಳಗಿಳಿದದ್ದು 2005ರಲ್ಲಿ. ಇಳಿದದ್ದು ನಿಜ, ಅಳಿದಿಲ್ಲ. ಔಷಧ ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆ. ಬಹುಕಾಲದ ಹಿಂದೆಯೇ ಸತ್ತ ನರವನ್ನು ಬದುಕಿಸಲಾರದು. ಆದುದರಿಂದ ಮಗುವಿನ ಮೈಮೇಲಿನ ತುರಿಕೆಯಿಲ್ಲದ, ನೋವಿಲ್ಲದ ಮಾಸಲು ಮಚ್ಚೆಯನ್ನು ‘ತೊಂದರೆ ಕೊಡುತ್ತಿಲ್ಲವಲ್ಲ’ ಎಂದು ಬಿಡಬೇಡಿ. ವೈದ್ಯರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ.