ತೊಂಬತ್ತರಲ್ಲಿ ಹತ್ತೇ ದಿನ

ಜನವರಿ 2025ರಲ್ಲಿ ರಷ್ಯಾದ ಕರ್ಸ್ಕ್ ಪ್ರಾಂತ್ಯದಲ್ಲಿ ಉಕ್ರೇನ್ ಸೇನೆ ಇಬ್ಬರು ಉತ್ತರ ಕೊರಿಯಾ ಸೈನಿಕರನ್ನು ಜೀವಂತವಾಗಿ ಸೆರೆಹಿಡಿಯಿತು. ಗಾಯಗೊಂಡ ಆ ಇಬ್ಬರ ವಿಡಿಯೊವನ್ನು ಅಧ್ಯಕ್ಷ ಝೆಲೆನ್‌ಸ್ಕಿ ಅವರೇ ಜಗತ್ತಿಗೆ ತೋರಿಸಿದರು. ರಷ್ಯಾದಲ್ಲಿರುವ ತಮ್ಮ ಸೈನಿಕರನ್ನು ಬಿಡಿಸಿಕೊಟ್ಟರೆ ಇವರನ್ನು ಕಿಮ್ ಜಾಂಗ್ ಉನ್‌ಗೆ ಒಪ್ಪಿಸಲು ಸಿದ್ಧ, ಹಿಂದಿರುಗಲು ಒಲ್ಲದವರಿಗೆ ಬೇರೆ ದಾರಿಗಳೂ ಇರಬಹುದು ಎಂದರು. ಮರುತಿಂಗಳು ಅವರಲ್ಲೊಬ್ಬ ದಕ್ಷಿಣ ಕೊರಿಯಾದ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟು, ದಕ್ಷಿಣಕ್ಕೆ ಹೋಗುವ ಆಸೆ ಹೇಳಿಕೊಂಡ. ಉತ್ತರದವರೂ ಸಂವಿಧಾನದ ಪ್ರಕಾರ ತನ್ನ ಪ್ರಜೆಗಳೇ ಎನ್ನುವ ಸೋಲ್, ಬರುವುದಾದರೆ ಬರಲಿ ಎಂದಿತು.

ಅಂದಿನಿಂದ ಈ ಮಾತು ಬಂದಾಗಲೆಲ್ಲ ಅಂಕಣಕಾರರ ಬಾಯಲ್ಲಿ ಒಂದೇ ಪರಿಹಾರ: ಕೈದಿಯನ್ನೇ ಕೇಳಿ, ಎಲ್ಲಿಗೆ ಎನ್ನುತ್ತಾನೋ ಅಲ್ಲಿಗೆ ಕಳಿಸಿ. ಹೇಳಲು ಸುಲಭ. ಒತ್ತಾಯದಿಂದ ಯಾರನ್ನೂ ಹಿಂದಕ್ಕೆ ಕಳಿಸಬಾರದು ಎಂಬಲ್ಲಿಗೆ ಈ ಮಾತು ಸರಿ. ಆದರೆ ಬಂಧಿಸಿಟ್ಟವನೇ ಕೇಳಿ, ಬಂದ ಉತ್ತರವನ್ನು ಕೈದಿಯ ಇಚ್ಛೆ ಎಂದು ಸಾರುವುದಾದರೆ ಆ ಉತ್ತರಕ್ಕೆ ಕಾಸಿನ ಬೆಲೆ ಇಲ್ಲ. ಇದು ಊಹೆಯಲ್ಲ, 1953ರಲ್ಲಿ ಮಡಿಕೇರಿಯ ಜನರಲ್ ಒಬ್ಬರು ಕಣ್ಣಾರೆ ಕಂಡದ್ದು.

ಮೂರನೇ ಜಿನೀವಾ ಒಪ್ಪಂದದ 118ನೇ ವಿಧಿ ಕೈದಿಯ ಇಚ್ಛೆಯ ಗೊಡವೆಗೇ ಹೋಗುವುದಿಲ್ಲ. ಸಕ್ರಿಯ ಕಾದಾಟ ನಿಂತ ಕೂಡಲೇ ಯುದ್ಧಕೈದಿಗಳನ್ನು ತಡಮಾಡದೆ ಬಿಡುಗಡೆ ಮಾಡಿ ತಾಯ್ನಾಡಿಗೆ ಕಳಿಸಬೇಕು, ಅಷ್ಟೇ. 1929ರ ಹಳೆಯ ಒಪ್ಪಂದದಲ್ಲಿ ಬಿಡುಗಡೆಯ ಮಾತು ಶಾಂತಿ ಒಪ್ಪಂದದ ಬಾಲಕ್ಕೆ ಕಟ್ಟಿಕೊಂಡಿತ್ತು. ಎರಡನೇ ಮಹಾಯುದ್ಧ ಮುಗಿದರೂ ಜರ್ಮನಿಯೊಂದಿಗೆ ಅಂಥ ಒಪ್ಪಂದ ಆಗಲಿಲ್ಲ. ಲಕ್ಷಾಂತರ ಸೈನಿಕರು ವರ್ಷಗಟ್ಟಲೆ ಪರದೇಶದಲ್ಲಿ ದುಡಿಯುತ್ತ ಉಳಿದರು. ಸೋವಿಯತ್ ಶಿಬಿರಗಳಲ್ಲಿದ್ದ ಕೊನೆಯ ತಂಡಗಳು ಜರ್ಮನಿ ಕಂಡದ್ದು 1955–56ರಲ್ಲಿ. ಹೊಸ ವಿಧಿ ಮುಚ್ಚಲು ಹೊರಟಿದ್ದು ಈ ಕಂಡಿಯನ್ನು.

ಇನ್ನೊಂದು ಕಂಡಿಯನ್ನು ಅಂದಿನವರು ಕಾಣಲಿಲ್ಲವೆಂದಲ್ಲ. 1949ರ ಜಿನೀವಾ ಸಮ್ಮೇಳನದಲ್ಲಿ ಆಸ್ಟ್ರಿಯಾ ಒಂದು ತಿದ್ದುಪಡಿ ತಂದಿತು: ಮರಳಲು ಒಲ್ಲದ ಕೈದಿ ಬೇರೆ ದೇಶಕ್ಕೆ ಹೋಗಲು ಅರ್ಜಿ ಹಾಕಬಹುದು. ಸೋವಿಯತ್ ಪ್ರತಿನಿಧಿ ಬೇಡವೆಂದದ್ದು ಸಹಜ. ಅಮೆರಿಕದ ಪ್ರತಿನಿಧಿಯೂ ಅದನ್ನೇ ಅಂದರು. ಸೆರೆಯಲ್ಲಿರುವವನು ಮನಸ್ಸು ಬಿಚ್ಚಿ ಮಾತಾಡಲಾರ, ಈ ಅವಕಾಶವನ್ನು ಹಿಡಿದಿಟ್ಟವರು ಒತ್ತಡದ ಅಸ್ತ್ರ ಮಾಡಿಕೊಳ್ಳುತ್ತಾರೆ ಎಂಬುದು ಅವರಿಬ್ಬರ ವಾದ. ತಿದ್ದುಪಡಿ ಬಿದ್ದುಹೋಯಿತು. ಮೂರೇ ವರ್ಷದಲ್ಲಿ, ಅದೇ ಅಮೆರಿಕ ಕೊರಿಯಾ ಯುದ್ಧದಲ್ಲಿ, ಕೈದಿಯನ್ನು ಕೇಳದೆ ಕಳಿಸುವ ಮಾತೇ ಇಲ್ಲ ಎಂದು ಪಟ್ಟು ಹಿಡಿದು ಕುಳಿತಿತು!

ಆ ಪಟ್ಟಿಗೆ ಕಾರಣವೂ ಇತ್ತು. 1945ರಲ್ಲಿ ಮಿತ್ರಪಕ್ಷಗಳು ಸ್ಟಾಲಿನ್‌ಗೆ ಬಲವಂತವಾಗಿ ಒಪ್ಪಿಸಿದ ಸೋವಿಯತ್ ಪ್ರಜೆಗಳಿಗೆ ಏನಾಯಿತೆಂಬುದು ಅಧ್ಯಕ್ಷ ಟ್ರೂಮನ್‌ಗೆ ಗೊತ್ತಿತ್ತು. ಆದರೆ ಕೇಳಿದ ಬಗೆ ನೋಡಬೇಕು. ಡಿಸೆಂಬರ್ 1951ರಲ್ಲಿ ವಿಶ್ವಸಂಸ್ಥೆ ಸೇನೆ ಕೊಟ್ಟ ಪಟ್ಟಿಯಲ್ಲಿ ಸುಮಾರು 1,32,000 ಕೈದಿಗಳಿದ್ದರು. ಏಪ್ರಿಲ್ 1952ರಲ್ಲಿ ಗೊಜೆ ದ್ವೀಪದ ಶಿಬಿರದಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಪ್ರಶ್ನೆ ಹಾಕಿದರು. ನಿನ್ನ ನಿರ್ಧಾರದಿಂದ ಮನೆಯವರಿಗೆ ಏನಾಗಬಹುದೆಂದು ಯೋಚಿಸಿದ್ದೀಯಾ? ಕಳಿಸಲು ಬಂದರೆ ಬಲವಂತವಾಗಿ ತಡೆಯುತ್ತೀಯಾ? ಹಿಂದಿರುಗಲು ಸಿದ್ಧರಾದವರು ಸುಮಾರು 70,000 ಮಾತ್ರ ಎಂದು ಲೆಕ್ಕ ಬಂತು. ಚೀನಾ ಮತ್ತು ಉತ್ತರ ಕೊರಿಯಾ ಸಿಡಿದೆದ್ದವು. ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ನಡುವಿನ ಹದಿನೈದು ತಿಂಗಳಲ್ಲಿ ಗಡಿರೇಖೆ ಹೆಚ್ಚೇನೂ ಸರಿಯಲಿಲ್ಲ, ಸಾಯುವವರು ಸಾಯುತ್ತಲೇ ಇದ್ದರು. ಕೈದಿಗಳ ಹಕ್ಕಿಗಾಗಿ ಕಂದಕದಲ್ಲಿದ್ದವರು ತೆತ್ತ ಈ ಬೆಲೆಯನ್ನು ‘ಕೇಳಿ ಕಳಿಸಿ’ ಎನ್ನುವವರು ಯಾರೂ ಎಣಿಸುವುದಿಲ್ಲ.

ಪ್ರಶ್ನೆ ಕೇಳಿಸಿಕೊಂಡವರ ಸುತ್ತ ಇದ್ದವರು ಯಾರು? ಶಿಬಿರದ ಒಳಗಿನ ಆಡಳಿತ ಬಹುಮಟ್ಟಿಗೆ ಕೈದಿಗಳ ಮುಖಂಡರ ಕೈಯಲ್ಲಿತ್ತು. ಕೆಲವು ಆವರಣಗಳು ಕಟ್ಟಾ ಕಮ್ಯುನಿಸ್ಟರ ಹಿಡಿತದಲ್ಲಿ, ಕೆಲವು ಕಮ್ಯುನಿಸ್ಟ್ ವಿರೋಧಿಗಳ ಹಿಡಿತದಲ್ಲಿ. ಚೀನೀ ಕೈದಿಗಳ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಹಾಕಿಸಲಾಗಿತ್ತು, ಹಲವರಿಗೆ ಒತ್ತಾಯದಿಂದ. ಅಂಥ ಹಚ್ಚೆ ಹೊತ್ತು ಮಾವೊನ ಚೀನಾಕ್ಕೆ ಮರಳುವ ಧೈರ್ಯ ಯಾರಿಗೆ ಬಂದೀತು? ಪ್ರಶ್ನೆ ಕೇಳುವ ಮೊದಲೇ ಉತ್ತರವನ್ನು ಚರ್ಮದ ಮೇಲೆ ಬರೆದಾಗಿತ್ತು.

ಈ ಗೋಜಲು ಬಿಡಿಸಲು ಕಂಡುಕೊಂಡ ದಾರಿಯೇ ತಟಸ್ಥ ರಾಷ್ಟ್ರಗಳ ಆಯೋಗ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ ಸದಸ್ಯರು. ಮಡಿಕೇರಿಯ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರು. ಕಾವಲಿಗೆ ಸೈನ್ಯ ಕೊಟ್ಟದ್ದು ಭಾರತ ಮಾತ್ರ. ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಕೆಳಗೆ ಸುಮಾರು 6,000 ಮಂದಿ. ಭಾರತೀಯರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದದ್ದರಿಂದ ಅವರನ್ನೆಲ್ಲ ಹೆಲಿಕಾಪ್ಟರ್‌ನಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. ಅಷ್ಟರಲ್ಲಿ ಮರಳಬಯಸಿದವರ ವಿನಿಮಯ ನೇರವಾಗಿ ನಡೆದಿತ್ತು. ಒಲ್ಲೆವೆಂದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾ ಕೈದಿಗಳು, ಕಮ್ಯುನಿಸ್ಟರ ಕಡೆಯಿಂದ 359 ಮಂದಿ, ಭಾರತೀಯರ ವಶಕ್ಕೆ ಬಂದರು.

ಒಪ್ಪಂದದ ಪ್ರಕಾರ 90 ದಿನ ಕೈದಿಗಳ ಸ್ವದೇಶದ ಪ್ರತಿನಿಧಿಗಳು ಬಂದು, ಮರಳಿದರೆ ಭಯವಿಲ್ಲ ಎಂದು ವಿವರಿಸಬಹುದಿತ್ತು. ಅದಕ್ಕೆಂದೇ ಡೇರೆಗಳು ಎದ್ದವು. ಒಳಗೆ ಸ್ವದೇಶದ ಪ್ರತಿನಿಧಿ, ದುಭಾಷಿ, ಆಯೋಗದ ಐವರು, ಬಾಗಿಲಲ್ಲಿ ಭಾರತೀಯ ಕಾವಲುಗಾರರು. ಹೊರಬೀಳಲು ಎರಡು ದಾರಿ: ಒಂದರಿಂದ ಹೋದವನು ಊರಿಗೆ, ಇನ್ನೊಂದರಿಂದ ಹೋದವನು ಮತ್ತೆ ಶಿಬಿರಕ್ಕೆ. ಹಲವರು ಒಳಬಂದವರೇ ಪ್ರತಿನಿಧಿಯ ಮೇಲೆ ಉಗುಳಿದರು, ಕುರ್ಚಿ ಒದ್ದರು, ಕಿವಿ ಮುಚ್ಚಿಕೊಂಡು ಘೋಷಣೆ ಕೂಗಿದರು. ಪ್ರತಿನಿಧಿಗಳೂ ಕಮ್ಮಿಯಿರಲಿಲ್ಲ; ಒಬ್ಬೊಬ್ಬನನ್ನೇ ಗಂಟೆಗಟ್ಟಲೆ ಕೂರಿಸಿಕೊಂಡು ಕೊರೆದರು. ಡೇರೆಗಳ ಜಾಗದ ಜಗಳದಲ್ಲೇ ಅಕ್ಟೋಬರ್ 15ರ ತನಕ ಕಾಲ ಹರಣವಾಗಿತ್ತು. ಆಮೇಲೆ ಇಡೀ ಆವರಣಗಳೇ ಹೊರಬರಲು ನಿರಾಕರಿಸಿದವು. ಗುಂಡು ಹಾರಿಸಿ ಹೊರಗೆಳೆದರೆ ನೂರಾರು ಹೆಣ ಬೀಳುತ್ತವೆಂದು ತಿಮ್ಮಯ್ಯ ಬಲ ಪ್ರಯೋಗಿಸಲಿಲ್ಲ.

ಡಿಸೆಂಬರ್ 23ಕ್ಕೆ ಗಡುವು ಮುಗಿದಾಗ 90 ದಿನಗಳಲ್ಲಿ ವಿವರಣೆ ನಡೆದದ್ದು ಹತ್ತೇ ದಿನ. ಡೇರೆಯ ಒಳಹೊಕ್ಕವರು ಸುಮಾರು ಮೂರು ಸಾವಿರ. ಕೊನೆಗೆ ಊರಿಗೆ ಮರಳಿದವರು ಆರುನೂರು ಚಿಲ್ಲರೆ, ಅವರಲ್ಲೂ ಅನೇಕರು ತಂತಿಬೇಲಿ ಹಾರಿ ಭಾರತೀಯ ಕಾವಲುಗಾರರ ಬಳಿ ಓಡಿಬಂದವರು. ಮರಳುವ ಮನಸ್ಸಿದ್ದವನು ಅದನ್ನು ಗುಟ್ಟಾಗಿ, ಜೀವಭಯದಲ್ಲೇ ತಿಳಿಸಬೇಕಾಗಿತ್ತು ಎಂಬ ಅರ್ಥದ ಮಾತು ಆಯೋಗದ ಬಹುಮತದ ವರದಿಯಲ್ಲಿದೆ. ಸ್ವೀಡನ್, ಸ್ವಿಟ್ಜರ್ಲೆಂಡ್ ಅದನ್ನು ಒಪ್ಪಲಿಲ್ಲ. ಚೀನೀ ಕೈದಿಗಳಲ್ಲಿ ಮೂರರಲ್ಲಿ ಎರಡು ಪಾಲು ಸ್ವದೇಶ ಬೇಡವೆಂದರು ಎಂದು ಇಂದಿಗೂ ಹೆಮ್ಮೆಯಿಂದ ಉದ್ಧರಿಸುತ್ತಾರೆ. ಆ ಮೂರರಲ್ಲಿ ಎರಡರ ಪಕ್ಕದಲ್ಲಿ ತೊಂಬತ್ತರಲ್ಲಿ ಹತ್ತನ್ನು ಬರೆದವರು ವಿರಳ. ಸುಮಾರು 14,000 ಚೀನೀಯರಲ್ಲಿ ಬಹಳ ಮಂದಿ ನಿಜವಾಗಿಯೇ ತೈವಾನ್ ಬಯಸಿದ್ದಿರಬಹುದು. ಎಷ್ಟು ಮಂದಿ ಎಂದು ತಿಳಿಯುವ ಏಕೈಕ ಅವಕಾಶ ಆ ಡೇರೆಗಳಲ್ಲಿ ಕೈತಪ್ಪಿತು. ಎರಡೂ ಕಡೆ ಬೇಡ, ತಟಸ್ಥ ದೇಶವೇ ಬೇಕೆಂದು ಭಾರತದ ಹಡಗು ಹತ್ತಿದವರು 88 ಮಂದಿ ಮಾತ್ರ.

ಹಾಗಾದರೆ ನಾಗರಿಕರ ಕಥೆ? ವಿಚಿತ್ರವೆಂದರೆ ಅವರಿಗೆ ಕಾನೂನು ಹೆಚ್ಚು ಗಟ್ಟಿಯಾದ ರಕ್ಷಣೆ ಕೊಟ್ಟಿದೆ. ನಾಲ್ಕನೇ ಜಿನೀವಾ ಒಪ್ಪಂದದ 45ನೇ ವಿಧಿ ರಾಜಕೀಯ ಅಭಿಪ್ರಾಯಕ್ಕಾಗಿಯೋ ಧರ್ಮಕ್ಕಾಗಿಯೋ ಕಿರುಕುಳದ ಭಯವಿರುವ ದೇಶಕ್ಕೆ ರಕ್ಷಿತ ವ್ಯಕ್ತಿಯನ್ನು ಯಾವ ಕಾರಣಕ್ಕೂ ಒಪ್ಪಿಸಕೂಡದು ಎನ್ನುತ್ತದೆ. ಅದೇ ವರ್ಷ, ಅದೇ ಊರಲ್ಲಿ ಬರೆದ ಒಪ್ಪಂದಗಳು. ಸಮವಸ್ತ್ರ ತೊಟ್ಟವನಿಗೆ ಮಾತ್ರ ಈ ಸಾಲಿಲ್ಲ. ಕೊರಿಯಾದಲ್ಲಿ ಉತ್ತರದವರು ಬಲವಂತದಿಂದ ಸೇನೆಗೆ ಸೇರಿಸಿಕೊಂಡಿದ್ದ ಸಾವಿರಾರು ದಕ್ಷಿಣದವರನ್ನು ‘ನಾಗರಿಕ ಬಂಧಿತರು’ ಎಂದು ಹೊಸದಾಗಿ ವರ್ಗೀಕರಿಸಿ ಬಿಟ್ಟದ್ದು ಕಾಗದದ ಮೇಲಿನ ಒಂದೇ ಬದಲಾವಣೆಯಿಂದ.

1991ರ ಕೊಲ್ಲಿ ಯುದ್ಧದ ನಂತರ ಕೆಲಸ ಸ್ವಲ್ಪ ಸರಿಯಾಗಿ ನಡೆಯಿತು. ಊರಿಗೆ ಹೊರಟ ಇರಾಕಿ ಕೈದಿಗಳನ್ನು ರೆಡ್ ಕ್ರಾಸ್ ಪ್ರತಿನಿಧಿಗಳು ಕಾವಲುಗಾರರಿಲ್ಲದೆ ಖಾಸಗಿಯಾಗಿ ಮಾತಾಡಿಸಿದರು. ಸದ್ದಾಮ್ ಹುಸೇನ್‌ಗೆ ಹೆದರಿ ಒಲ್ಲೆವೆಂದ ಸುಮಾರು 13,000 ಮಂದಿ ಸೌದಿಯ ರಫಾ ಶಿಬಿರದಲ್ಲಿ ಉಳಿದರು. ಅವರ ಸ್ಥಾನಮಾನ ಯುದ್ಧಕೈದಿಯಿಂದ ನಾಗರಿಕನದಾಗಿ ಬದಲಾಯಿತು, ಅನೇಕರು ಕ್ರಮೇಣ ಅಮೆರಿಕ ಮತ್ತಿತರ ದೇಶಗಳಲ್ಲಿ ನೆಲೆ ಕಂಡರು. ಶಿಬಿರದ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ, ವರ್ಷಗಟ್ಟಲೆ ಮರಳುಗಾಡಲ್ಲಿ ಕೊಳೆತವರಿದ್ದರು. ಆದರೂ ಕೇಳಿದವನು ಹಿಡಿದಿಟ್ಟವನಲ್ಲ ಎಂಬುದೇ ಕೊರಿಯಾಕ್ಕೂ ಇದಕ್ಕೂ ಇರುವ ವ್ಯತ್ಯಾಸ. ಮರಳಿದರೆ ಮೂಲಭೂತ ಹಕ್ಕುಗಳಿಗೆ ನಿಜವಾದ ಅಪಾಯವಿದ್ದರೆ 118ನೇ ವಿಧಿಗೆ ಅಪವಾದ ಉಂಟು ಎಂದು ರೆಡ್ ಕ್ರಾಸ್ 2020ರ ತನ್ನ ವ್ಯಾಖ್ಯಾನದಲ್ಲಿ ಬರೆದಿರುವುದಕ್ಕೆ ಇಂಥ ರೂಢಿಯೇ ಆಧಾರ.

ಈ ಹಿನ್ನೆಲೆಯಲ್ಲಿ ಕರ್ಸ್ಕ್‌ನ ಇಬ್ಬರನ್ನು ನೋಡಬೇಕು. ಮೂರನೇ ಒಪ್ಪಂದದ 13ನೇ ವಿಧಿ ಯುದ್ಧಕೈದಿಯನ್ನು ಸಾರ್ವಜನಿಕ ಕುತೂಹಲದಿಂದ ಕಾಪಾಡಬೇಕೆನ್ನುತ್ತದೆ. ಮುಖ ತೋರಿಸಿ, ಕ್ಯಾಮೆರಾ ಮುಂದೆ ಮಾತಾಡಿಸಿದ್ದು ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ. ಪ್ಯೊಂಗ್ಯಾಂಗ್‌ನವರು ಆ ಸಂದರ್ಶನ ಓದಿದ ಕ್ಷಣಕ್ಕೆ ಆ ಹುಡುಗನಿಗೆ ಮರಳುವ ದಾರಿ ಮುಚ್ಚಿತು. ಗೊಜೆಯಲ್ಲಿ ಹಚ್ಚೆ ಮಾಡಿದ ಕೆಲಸವನ್ನು ಇಲ್ಲಿ ವಿಡಿಯೊ ಮತ್ತು ಸಂದರ್ಶನ ಮಾಡಿದವು. ಅವನು ಹೇಳಿದ್ದು ಸತ್ಯವೇ ಇರಬಹುದು. ದಕ್ಷಿಣಕ್ಕೆ ಕಳಿಸುವುದೇ ನ್ಯಾಯವೂ ಇರಬಹುದು. ಅದನ್ನು ತೀರ್ಮಾನಿಸಬೇಕಾದದ್ದು ಪತ್ರಕರ್ತರಿಲ್ಲದ, ಉಕ್ರೇನ್ ಅಧಿಕಾರಿಗಳಿಲ್ಲದ ಕೋಣೆಯಲ್ಲಿ ರೆಡ್ ಕ್ರಾಸ್ ಪ್ರತಿನಿಧಿ ನಡೆಸುವ ಮಾತುಕತೆಯ ಮೇಲೆ.

ರಷ್ಯಾ ಮತ್ತು ಉಕ್ರೇನ್ ಮೇ 2025ರ ಇಸ್ತಾಂಬುಲ್ ಮಾತುಕತೆಯ ನಂತರ ತಲಾ ಸಾವಿರ ಮಂದಿಯನ್ನು ವಿನಿಮಯ ಮಾಡಿಕೊಂಡವು. ಜೂನ್‌ನಲ್ಲಿ ತೀವ್ರವಾಗಿ ಗಾಯಗೊಂಡವರನ್ನೂ ಕಾಯಿಲೆ ಬಿದ್ದವರನ್ನೂ ಬಿಡಲು ಒಪ್ಪಿದವು. ಪತ್ರಿಕೆಗಳು ಅದನ್ನು ಔದಾರ್ಯವೆಂದು ಬರೆದವು. ಅಂಥವರನ್ನು ಯುದ್ಧ ನಡೆಯುತ್ತಿರುವಾಗಲೇ, ಪ್ರತಿಫಲ ಕೇಳದೆ, ನೇರವಾಗಿ ಊರಿಗೆ ಕಳಿಸಬೇಕೆಂದು ಅದೇ ಒಪ್ಪಂದದ 109 ಮತ್ತು 110ನೇ ವಿಧಿಗಳು 1949ರಿಂದಲೇ ಹೇಳುತ್ತಿವೆ. ಕದನವಿರಾಮದ ಕರಡು ಬರೆಯುವವರ ಮುಂದೆ ಈಗ ‘ಎಲ್ಲರಿಗೆ ಎಲ್ಲರು’ ಎಂಬ ಸೂತ್ರವಿದೆ. ಅದರೊಳಗೆ ಮರಳಲು ಒಲ್ಲದವನಿಗೆ ಎಲ್ಲಿ, ಯಾರ ಎದುರು, ಎಷ್ಟು ದಿನದೊಳಗೆ ಬಾಯಿ ಬಿಡುವ ಅವಕಾಶ ಎಂಬ ಒಂದು ಕಲಂ ಸೇರಬೇಕು. ರೆಡ್ ಕ್ರಾಸ್‌ಗೆ ಎರಡೂ ಕಡೆಯ ಎಲ್ಲ ಶಿಬಿರಗಳಲ್ಲಿ ಖಾಸಗಿ ಭೇಟಿ ಸಿಗದಿದ್ದರೆ ಆ ಕಲಂ ಬರೆದೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಪಟ್ಟು ಹಿಡಿಯಬೇಕಾದದ್ದು ಆ ಭೇಟಿಗೆ, ಅದೂ ಸಹಿ ಬೀಳುವ ಮೊದಲೇ.