ಗೋಕುಲ ರಸ್ತೆಯ ಗೇಟು, ವಿನಿಮಯ ಕಚೇರಿಯ ಕಾರ್ಡು

ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ವಸಾಹತಿನ ಒಳದಾರಿಗಳಲ್ಲಿ ಬೆಳಗಿನ ಎಂಟರ ಸುಮಾರಿಗೆ ಒಮ್ಮೆ ಅಡ್ಡಾಡಿ ಬನ್ನಿ. ಕೆಲವು ಗೇಟುಗಳ ಮೇಲೆ ‘ಟರ್ನರ್ ಬೇಕಾಗಿದ್ದಾರೆ’, ‘ವಿಎಂಸಿ ಆಪರೇಟರ್ ಮತ್ತು ಹೆಲ್ಪರ್ ಬೇಕು’ ಎಂಬ ಬರಹ ಕಾಣುತ್ತದೆ. ಕೆಲವು ಕಡೆ ತಗಡಿನ ಮೇಲೆ ಬಣ್ಣದಲ್ಲಿ, ಕೆಲವು ಕಡೆ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ. ತಾರಿಹಾಳದಲ್ಲೂ ಇದೇ ನೋಟ. ಇನ್ನೊಂದು ಕಡೆ, ಐಟಿಐ ಮುಗಿಸಿದ ಹುಡುಗರು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ಕರೆಪತ್ರ ಬರುತ್ತದೆಂದು ಮನೆಯಲ್ಲಿ ಕೂತಿರುತ್ತಾರೆ. ಗೇಟಿನ ಬೋರ್ಡಿನ ಸುದ್ದಿ ಕಚೇರಿಗೆ ಮುಟ್ಟುವುದಿಲ್ಲ, ಕಚೇರಿಯಲ್ಲಿರುವ ಹೆಸರು ಗೇಟಿಗೆ ಮುಟ್ಟುವುದಿಲ್ಲ. ‘ಸರ್ಕಾರಿ ಕಚೇರಿ ಅಂದ್ರ ಹಿಂಗ ನೋಡ್ರಿ’ ಎಂದು ಬೈದು ಮುಗಿಸುವುದು ಸುಲಭ. ಇದರ ಹಿಂದೆ ಒಂದು ಕಾನೂನಿದೆ, ಅದನ್ನು ತಿಳಿದುಕೊಂಡರೆ ಕೆಲಸ ಹುಡುಕುವವರಿಗೂ ಕೊಡುವವರಿಗೂ ಲಾಭ.

ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ಕಡ್ಡಾಯವಾಗಿ ತಿಳಿಸಬೇಕು ಎಂಬ ಕಾನೂನು ಬಂದದ್ದು 1959ರಲ್ಲಿ. ಸರ್ಕಾರಿ ಸಂಸ್ಥೆಗಳ ಜೊತೆಗೆ, 25 ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸಿತು. ಕೃಷಿ, ಮನೆಗೆಲಸ, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ ಇವೆಲ್ಲ ಅದರ ಹೊರಗೆ. ಈಗ ಗೋಕುಲ ರಸ್ತೆಯ ಒಂದು ಮಷೀನ್ ಶಾಪ್ ನೆನಪಿಸಿಕೊಳ್ಳಿ. ನಾಲ್ಕು ಲೇಥ್, ಎರಡು ಸಿಎನ್‌ಸಿ, ಒಂದು ಡ್ರಿಲ್ಲಿಂಗ್ ಮಷೀನು. ಮಾಲೀಕರನ್ನೂ ಸೇರಿಸಿ ಹತ್ತೋ ಹದಿನೈದೋ ಜನ. ಕಾನೂನಿನ ಜರಡಿಯಲ್ಲಿ ಇಂಥ ಘಟಕ ನಿಲ್ಲುವುದೇ ಇಲ್ಲ, ಹಾಗಾಗಿ ಕಚೇರಿಗೆ ತಿಳಿಸುವ ಬಾಧ್ಯತೆ ಅದಕ್ಕಿಲ್ಲ. ನಮ್ಮ ಅವಳಿ ನಗರದಲ್ಲಿ ಕೈಕೆಲಸ ಬಲ್ಲವರನ್ನು ಹುಡುಕುತ್ತಿರುವುದು ಹೆಚ್ಚಾಗಿ ಇಂಥ ಘಟಕಗಳೇ. 2020ರ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾನೂನನ್ನು ತನ್ನೊಳಗೆ ಸೇರಿಸಿಕೊಂಡು ಕಚೇರಿಗೆ ವೃತ್ತಿ ಕೇಂದ್ರವೆಂಬ ಹೊಸ ಹೆಸರು ಕೊಟ್ಟಿದೆ. ಸಣ್ಣ ಘಟಕಕ್ಕೆ ಇದ್ದ ವಿನಾಯಿತಿ ಅಲ್ಲಿಯೂ ಉಳಿದಿದೆ.

ಹಾಗಾದರೆ ದೊಡ್ಡ ಸಂಸ್ಥೆಗಳ, ಸರ್ಕಾರಿ ಇಲಾಖೆಗಳ ಹುದ್ದೆಗಳಾದರೂ ಕಚೇರಿಯ ಮೂಲಕವೇ ಬರಬೇಕಲ್ಲ? ಸರ್ಕಾರಿ ನೇಮಕಾತಿಯಲ್ಲಿ ಒಂದು ಕಾಲಕ್ಕೆ ಹಾಗೆಯೇ ಇತ್ತು. ಕಚೇರಿ ಕಳಿಸಿದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಂದರ್ಶನಕ್ಕೆ ಪ್ರವೇಶವೇ ಇರಲಿಲ್ಲ, ಹಿರಿಯರು ಕಾರ್ಡಿನ ಮಾತೆತ್ತಿದರೆ ಇವತ್ತಿಗೂ ಗಂಭೀರರಾಗುವುದು ಅದಕ್ಕೇ. ಆಂಧ್ರದ ಕೃಷ್ಣಾ ಜಿಲ್ಲೆಯ ಅಬಕಾರಿ ಇಲಾಖೆಯ ನೇಮಕಾತಿ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಈ ಪದ್ಧತಿಯನ್ನು ಬದಲಿಸಿತು. ವಿನಿಮಯ ಕಚೇರಿಯಿಂದ ಹೆಸರು ತರಿಸಿಕೊಳ್ಳಿ, ಅದರ ಜೊತೆಗೆ ಪತ್ರಿಕೆಗಳಲ್ಲಿ ಪ್ರಕಟಿಸಿ, ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ, ಅರ್ಜಿ ಹಾಕಿದವರೆಲ್ಲರನ್ನೂ ಪರಿಗಣಿಸಿ ಎಂದಿತು. ನೋಟಿಸ್ ಬೋರ್ಡು ಎಂದರೆ ಮೂಗು ಮುರಿಯುವವರು ಗಮನಿಸಬೇಕು, ದೇಶದ ಅತ್ಯುನ್ನತ ನ್ಯಾಯಾಲಯವೇ ಅದಕ್ಕೆ ಪತ್ರಿಕೆಯ ಪಕ್ಕದಲ್ಲಿ ಜಾಗ ಕೊಟ್ಟಿದೆ. ಕಾರ್ಡು ಇದ್ದವರಿಗಷ್ಟೇ ಬಾಗಿಲು ಎಂಬ ಕಾಲ ಅಲ್ಲಿಗೆ ಮುಗಿಯಿತು.

ಹಾಗಂತ ನೋಂದಣಿ ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ದುಡ್ಡು ಬೇಕಿಲ್ಲ, ಕಚೇರಿ ನಡೆಸುವ ಉದ್ಯೋಗ ಮೇಳಗಳ ಸುದ್ದಿ ಸಿಗುತ್ತದೆ, ಕೇಂದ್ರದ ncs.gov.in ಜಾಲತಾಣದಲ್ಲಿ ಮನೆಯಿಂದಲೇ ಹೆಸರು ಸೇರಿಸಬಹುದು. ಎಡವಟ್ಟಾಗುವುದು ನೋಂದಣಿಯ ನಂತರ. ಕಚೇರಿಯಲ್ಲಿ ನಿಮ್ಮ ಹೆಸರಿಗೆ ತೆರೆಯುವ ದಾಖಲೆ ಎಕ್ಸ್-1, ನಿಮ್ಮ ಕೈಗೆ ಕೊಡುವ ಗುರುತಿನ ಕಾರ್ಡು ಎಕ್ಸ್-10. ಒಳಗಿನ ದಾಖಲೆಯಲ್ಲಿ ನಿಮ್ಮ ವೃತ್ತಿಗೆ ಒಂದು ಸಂಕೇತ ಸಂಖ್ಯೆ ಬೀಳುತ್ತದೆ. ಟರ್ನರ್ ಬೇಕೆಂದು ಯಾರಾದರೂ ಕೇಳಿದಾಗ ಸಿಬ್ಬಂದಿ ಹುಡುಕುವುದು ಆ ಸಂಖ್ಯೆಯನ್ನು, ನಿಮ್ಮ ಹೆಸರನ್ನಲ್ಲ.

ಕುಂದಗೋಳ ಕಡೆಯ ಒಬ್ಬ ಹುಡುಗನ ಉದಾಹರಣೆ ಇಟ್ಟುಕೊಳ್ಳೋಣ. ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲಿ ಅಪ್ಪನೇ ಕರೆದುಕೊಂಡು ಹೋಗಿ ಹೆಸರು ಬರೆಸಿದ. ಆಮೇಲೆ ಹುಡುಗ ಎರಡು ವರ್ಷ ಐಟಿಐ ಟರ್ನರ್ ಮಾಡಿದ, ಒಂದು ವರ್ಷ ಅಪ್ರೆಂಟಿಸ್ ಆಗಿ ದುಡಿದು ಅದರ ಪ್ರಮಾಣಪತ್ರವನ್ನೂ ಪಡೆದ. ಕಚೇರಿಯ ದಾಖಲೆಯಲ್ಲಿ ಮಾತ್ರ ಅವನಿನ್ನೂ ಎಸ್ಸೆಸ್ಸೆಲ್ಸಿ ಹುಡುಗ. ಟರ್ನರ್ ಪಟ್ಟಿಯನ್ನು ಎಷ್ಟು ಸಲ ತೆಗೆದರೂ ಅವನ ಹೆಸರು ಅದರಲ್ಲಿ ಬರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಮಾಡಬೇಕಾದ ನವೀಕರಣವನ್ನೂ ಮರೆತಿದ್ದರೆ ನೋಂದಣಿಯ ಜ್ಯೇಷ್ಠತೆಯೂ ಕೈಬಿಟ್ಟಂತೆಯೇ. ಐಟಿಐ ಪ್ರಮಾಣಪತ್ರ, ಅಪ್ರೆಂಟಿಸ್ ಪ್ರಮಾಣಪತ್ರ, ಎಲ್ಲಾದರೂ ದುಡಿದಿದ್ದರೆ ಅನುಭವದ ಪತ್ರ ಇವಿಷ್ಟನ್ನು ಹಿಡಿದು ಒಂದು ಮಧ್ಯಾಹ್ನ ಹೋಗಿ ‘ಕ್ವಾಲಿಫಿಕೇಶನ್ ಆ್ಯಡ್ ಮಾಡ್ರಿ’ ಎಂದರೆ ಸಾಕು. ಈ ಒಂದು ಕೆಲಸವನ್ನು ಮಾಡದೆ ವರ್ಷಗಟ್ಟಲೆ ಕಚೇರಿಯನ್ನು ಬೈಯುವವರೇ ಬಹಳ.

ಇನ್ನು ಗೇಟಿನ ಬೋರ್ಡು. ಅದನ್ನು ಓದಲಿಕ್ಕೂ ಸ್ವಲ್ಪ ರೂಢಿ ಬೇಕು. ಬಣ್ಣ ಮಾಸಿದ ತಗಡಿನ ಬೋರ್ಡು ಕಾಯಂ ನೇತಾಡುತ್ತಿದ್ದರೆ ಆ ಘಟಕದಲ್ಲಿ ಜನ ನಿಲ್ಲುತ್ತಿಲ್ಲ ಎಂದೇ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಪಗಾರ ತಡವಾಗುತ್ತಿರಬಹುದು, ಹನ್ನೆರಡು ತಾಸಿನ ಪಾಳಿ ಇರಬಹುದು. ಮೊನ್ನೆ ಮೊನ್ನೆ ಬರೆದ ರಟ್ಟಿನ ಚೀಟಿಯಾದರೆ ನಿಜವಾಗಿಯೂ ಒಂದು ಜಾಗ ಖಾಲಿಯಾಗಿದೆ, ಇಲ್ಲವೇ ಹೊಸ ಆರ್ಡರ್ ಬಂದಿದೆ. ಒಳಗೆ ಹೋದವರು ಮೊದಲು ಕೇಳಬೇಕಾದ ಪ್ರಶ್ನೆ ಪಗಾರದ್ದಲ್ಲ. ಕೆಲಸ ಕಂಪನಿಯ ಹೆಸರಿನಲ್ಲೋ, ಕಂತ್ರಾಟುದಾರನ ಹೆಸರಿನಲ್ಲೋ? ಹತ್ತು ಜನರಿರುವ ಕಡೆ ಇಎಸ್‌ಐ, ಇಪ್ಪತ್ತು ಜನರಿರುವ ಕಡೆ ಪಿಎಫ್ ಕೊಡಬೇಕೆಂಬುದು ಕಾನೂನು. ಪಿಎಫ್ ಕಟ್ಟುತ್ತೇವೆಂದು ಬಾಯಲ್ಲಿ ಹೇಳಿದರೆ ಸಾಲದು, ತಿಂಗಳೆರಡರಲ್ಲಿ ಯುಎಎನ್ ಸಂಖ್ಯೆ ಕೈಗೆ ಬರಬೇಕು, ಪಾಸ್‌ಬುಕ್ಕಿನಲ್ಲಿ ಹಣ ಕಾಣಬೇಕು. ಕಂತ್ರಾಟಿನಲ್ಲಿ ಸೇರಿದವರು ಇದನ್ನು ನೋಡದಿದ್ದರೆ ಆಮೇಲೆ ಅನುಭವದ ಪತ್ರಕ್ಕೂ ಗತಿ ಇರುವುದಿಲ್ಲ.

ಪ್ರಶ್ನೆ ಮುಗಿದ ಮೇಲೆ ಟ್ರಯಲ್. ಇಲ್ಲಿ ಅಂಕಪಟ್ಟಿ ನಡೆಯುವುದಿಲ್ಲ. ಫೋರ್‌ಮನ್ ಒಂದು ಡ್ರಾಯಿಂಗು, ಒಂದು ತುಂಡು ರಾಡು, ಒಂದು ವರ್ನಿಯರ್ ಕೊಟ್ಟು, ‘ತಮ್ಮಾ, 25ರದ್ದು 24ಕ್ಕ ತಾ ನೋಡೋಣು’ ಎಂದು ಪಕ್ಕಕ್ಕೆ ಸರಿಯುತ್ತಾನೆ. ಹುಡುಗ ಮಷೀನು ಚಾಲೂ ಮಾಡುವ ಮೊದಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ. ವರ್ನಿಯರ್ ಕೈಗೆ ಬಂದಕೂಡಲೇ ದವಡೆ ಮುಚ್ಚಿ ಸೊನ್ನೆ ಸೊನ್ನೆಗೆ ಕೂಡುತ್ತದೆಯೇ ಎಂದು ನೋಡಿದನೋ ಇಲ್ಲವೋ? ನೋಡದೆ ಅಳೆಯಲು ಹೋದವನಿಗೆ ಫೋರ್‌ಮನ್ ಏನೂ ಹೇಳುವುದಿಲ್ಲ, ಚಹಾ ಕೊಟ್ಟು ‘ಫೋನ್ ಮಾಡ್ತೇವಿ’ ಎಂದು ಕಳಿಸುತ್ತಾನೆ. ಸಾಮಾನ್ಯ ವರ್ನಿಯರ್ 0.02 ಮಿಲಿಮೀಟರಿನವರೆಗೆ ಓದುತ್ತದೆ. ಡ್ರಾಯಿಂಗಿನಲ್ಲಿ ಅದಕ್ಕಿಂತ ಬಿಗಿಯಾದ ಅಳತೆ ಇದ್ದರೆ ಮೈಕ್ರೋಮೀಟರ್ ಕೇಳಬೇಕು. ಕೇಳಿದ ಹುಡುಗನಿಗೆ ಅರ್ಧ ನೌಕರಿ ಸಿಕ್ಕಂತೆ.

ಬೋರ್ಡು ಹಾಕುವುದಕ್ಕೂ ಮೊದಲೇ ತುಂಬಿಹೋಗುವ ಜಾಗಗಳೂ ಇವೆ, ನನಗನ್ನಿಸುವಂತೆ ಒಳ್ಳೆಯ ಜಾಗಗಳು ಅವೇ. ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ, ಅವುಗಳ ಸುತ್ತ ಜಾಬ್ ವರ್ಕ್ ಮಾಡುವ ಸಣ್ಣ ಶಾಪುಗಳಿವೆ. ದೊಡ್ಡವರಿಗೆ ಆರ್ಡರ್ ಬಂದರೆ ಎರಕದ ಮಾಲು ಸಣ್ಣವರ ಕಡೆಗೆ ಹೊರಡುತ್ತದೆ, ಸಣ್ಣವರು ರಾತ್ರಿ ಪಾಳಿ ಶುರು ಮಾಡುತ್ತಾರೆ, ಆಗ ಆಪರೇಟರ್ ಬೇಕಾಗುತ್ತಾನೆ. ಇದು ಮೊದಲು ಗೊತ್ತಾಗುವುದು ಮಾಲು ಸಾಗಿಸುವ ಟೆಂಪೋ ಚಾಲಕನಿಗೆ, ಕಟಿಂಗ್ ಟೂಲ್ ಮಾರುವ ಅಂಗಡಿಯವನಿಗೆ, ಮಷೀನ್ ರಿಪೇರಿಯವನಿಗೆ. ಒಂದು ಶಾಪಿನವನು ಟೂಲ್ ಒಯ್ಯುವುದು ದಿಢೀರನೆ ಹೆಚ್ಚಾಯಿತೆಂದರೆ ಅಲ್ಲಿ ಎರಡನೇ ಪಾಳಿ ಶುರುವಾಗಿದೆ ಎಂದು ಕೌಂಟರಿನವನು ಕೂತಲ್ಲೇ ಹೇಳಬಲ್ಲ. ಐಟಿಐ ಹುಡುಗರು ಮೊಬೈಲ್ ನಂಬರು ಬರೆದಿಟ್ಟು ಬರಬೇಕಾದ ಜಾಗ ಅದು.

ಈ ಜಾಲಕ್ಕೆ ಒಂದು ದೊಡ್ಡ ದೋಷವೂ ಇದೆ. ಅದು ಪರಿಚಯದ ದಾರಿಯಲ್ಲಿ ಹರಿಯುತ್ತದೆ. ನಮ್ಮ ಊರಾಂವ, ನಮ್ಮ ಮಂದಿ, ನಮ್ಮ ಫೋರ್‌ಮನ್ನರ ಅಳಿಯ ಎನ್ನುತ್ತಾ ಹೋದರೆ, ಯಾರೂ ಪರಿಚಯವಿಲ್ಲದ ಕಲಘಟಗಿಯ ಹುಡುಗ ಹೊರಗೇ ಉಳಿಯುತ್ತಾನೆ. ಐಟಿಐ ಓದಿದ ಹುಡುಗಿಯರ ಪಾಡು ಇನ್ನೂ ಕಷ್ಟ, ಟೂಲ್ ಅಂಗಡಿಯ ಮುಂದೆ ನಿಂತು ಸುದ್ದಿ ಕೇಳುವ ಸಲಿಗೆ ಅವರಿಗೆ ಯಾರು ಕೊಟ್ಟಿದ್ದಾರೆ? ಎಲ್ಲರ ಕಣ್ಣಿಗೂ ಬೀಳುವ ಒಂದು ಪಟ್ಟಿ ಬೇಕಾಗಿರುವುದು ಇದಕ್ಕೇ.

ಇಂಥ ಪಟ್ಟಿಗೆ ಅಡ್ಡಿ ಏನೆಂದು ಸಣ್ಣ ಉದ್ಯಮಿಗಳನ್ನು ಕೇಳಿದರೆ ಬರುವ ಉತ್ತರ ಒಂದೇ. ‘ಆಫೀಸಿಗೆ ತಿಳಿಸಿದ್ರ ಅವರು ಕಳಿಸಿದಾಂವನ್ನ ತಗೋಬೇಕಾಕ್ಕೈತಲ್ರಿ.’ ಈ ಭಯಕ್ಕೆ ಆಧಾರವಿಲ್ಲ. 1959ರ ಕಾನೂನೇ ತನ್ನ 4ನೇ ಕಲಮಿನಲ್ಲಿ, ಹುದ್ದೆ ಖಾಲಿ ಇದೆಯೆಂದು ತಿಳಿಸಿದ ಮಾತ್ರಕ್ಕೆ ಕಚೇರಿಯ ಮೂಲಕವೇ ನೇಮಿಸಿಕೊಳ್ಳಬೇಕೆಂಬ ಬಾಧ್ಯತೆ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ತಿಳಿಸುವುದಷ್ಟೇ ಕರ್ತವ್ಯ, ಆಯ್ಕೆ ಮಾಲೀಕರದು. ಬಾಧ್ಯತೆ ಇಲ್ಲದ ಹತ್ತು ಜನರ ಘಟಕವೂ ತಾನಾಗಿ ತಿಳಿಸಬಹುದು, ಅದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಕಚೇರಿ ಕಳಿಸಿದ ಐದು ಜನರಿಗೆ ಟ್ರಯಲ್ ಕೊಟ್ಟು ಐವರನ್ನೂ ಬೇಡವೆಂದು ಕಳಿಸಿದರೂ ತಪ್ಪಿಲ್ಲ.

ಹುಬ್ಬಳ್ಳಿಯಲ್ಲಿ 1928ರಿಂದ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇದೆ, ಸಣ್ಣ ಕೈಗಾರಿಕೆಗಳಿಗೆಂದೇ ಉತ್ತರ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ ಇದೆ. ವಾರಕ್ಕೊಮ್ಮೆ ಸದಸ್ಯರಿಂದ ‘ಎಷ್ಟು ಜನ, ಯಾವ ಮಷೀನಿಗೆ, ಯಾವ ಪಾಳಿ, ಎಷ್ಟು ಪಗಾರ’ ಎಂಬ ನಾಲ್ಕು ಸಾಲು ಬರೆಸಿಕೊಂಡು ವಿನಿಮಯ ಕಚೇರಿಗೆ ಒಂದು ಪ್ರತಿ, ಐಟಿಐಗಳ ಬೋರ್ಡಿಗೆ ಒಂದು ಪ್ರತಿ ಕಳಿಸುವುದು ಈ ಸಂಸ್ಥೆಗಳಿಗೆ ಭಾರವಾಗಲಾರದು. ವಿನಿಮಯ ಕಚೇರಿಯವರು ಆ ಹಾಳೆಯನ್ನು ಫೈಲಿಗೆ ಸೇರಿಸದೆ ಹೊರಗೋಡೆಗೆ ಅಂಟಿಸಲಿ. ಪಗಾರದ ಸಾಲನ್ನು ಯಾರೂ ಖಾಲಿ ಬಿಡಬಾರದು ಎಂಬುದೊಂದೇ ನನ್ನ ವಿನಂತಿ, ‘ಮಾತಾಡಿ ಕೊಡ್ತೇವಿ’ ಎಂದು ಬರೆದ ಬೋರ್ಡನ್ನು ನೋಡಿ ಕುಂದಗೋಳದಿಂದ ಬಸ್ ಚಾರ್ಜು ಖರ್ಚು ಮಾಡಿಕೊಂಡು ಯಾರೂ ಬರುವುದಿಲ್ಲ.