ಶೇಕಡಾವಾರು ಏರಿದರೆ ಡಿಪೊ ಗೆದ್ದಂತೆಯೇ?

ಕೆಎಸ್‌ಆರ್‌ಟಿಸಿಯ ಹಾಸನ ವಿಭಾಗದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಡಿಪೊಗಳು ಒಂದೇ ಆಡಳಿತದ ಕೆಳಗಿದ್ದರೂ ಅವುಗಳ ಪಾಡು ಒಂದೇ ಅಲ್ಲ. ಚನ್ನರಾಯಪಟ್ಟಣ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಹೊಳೆನರಸೀಪುರದ ಬಸ್ಸುಗಳಿಗೆ ಹಾಸನ–ಮೈಸೂರು ರೈಲು ಪೈಪೋಟಿ. ಅರಕಲಗೂಡಿಗೆ ರೈಲೇ ಇಲ್ಲ. ರಾಮನಾಥಪುರ, ಕೊಣನೂರು ಕಡೆಯ ಜನ ಬಸ್ಸನ್ನೇ ನಂಬಬೇಕು. ಇಷ್ಟು ಬೇರೆ ಬೇರೆಯಾದ ಘಟಕಗಳ ವ್ಯವಸ್ಥಾಪಕರನ್ನು ಅಳೆಯುವಾಗ ಕೈಗೆ ಮೊದಲು ಸಿಗುವುದು ಭಾಗಾಕಾರ: ಕಿಲೋಮೀಟರಿಗೆ ಎಷ್ಟು ಆದಾಯ, ಲೀಟರಿಗೆ ಎಷ್ಟು ಕಿಲೋಮೀಟರು, ಹೂಡಿದ ನೂರು ರೂಪಾಯಿಗೆ ಎಷ್ಟು ಲಾಭ. ಕೊನೆಯದೇ ಹೂಡಿಕೆಯ ಪ್ರತಿಫಲ, ಅಂದರೆ ಆರ್‌ಒಐ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಇದನ್ನು ವಿಭಾಗಗಳ ಅಳತೆಗೋಲಾಗಿ ಬಳಕೆಗೆ ತಂದಿತು. ಡಿಪೊ ಮಟ್ಟದ ತೀರ್ಮಾನಗಳಿಗೆ ಈ ಅಳತೆಗೋಲು ತಪ್ಪು ದಾರಿ ತೋರಿಸುತ್ತದೆ ಎಂಬುದು ನನ್ನ ವಾದ.

ವಿವರಣೆಗಾಗಿ ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಡಿಪೊಗಳ ನಿಜವಾದ ಲೆಕ್ಕವಲ್ಲ. ಚನ್ನರಾಯಪಟ್ಟಣದಲ್ಲಿ 20 ಕೋಟಿ ಬಂಡವಾಳ, ವರ್ಷಕ್ಕೆ 4 ಕೋಟಿ ಲಾಭ. ಪ್ರತಿಫಲ ಶೇ 20. ಅರಕಲಗೂಡಿನಲ್ಲಿ 12 ಕೋಟಿಗೆ 96 ಲಕ್ಷ, ಶೇ 8. ನಿಗಮಕ್ಕೆ ಬಂಡವಾಳದ ವೆಚ್ಚ ಶೇ 10. ಈಗ 2 ಕೋಟಿಯ ಐದು ಹೊಸ ಬಸ್ಸುಗಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟರೆ ವರ್ಷಕ್ಕೆ 30 ಲಕ್ಷ ಲಾಭ ಬರುತ್ತದೆ ಎನ್ನಿ. ಶೇ 15ರ ಈ ಯೋಜನೆ ನಿಗಮಕ್ಕೆ ಲಾಭದ್ದೇ. ಆದರೆ ಡಿಪೊದ ಸರಾಸರಿ ಶೇ 20ರಿಂದ 19.5ಕ್ಕೆ ಇಳಿಯುವುದರಿಂದ ವ್ಯವಸ್ಥಾಪಕರಿಗೆ ಅದು ಬೇಡ. ಅರಕಲಗೂಡಿನಲ್ಲಿ ಅಷ್ಟೇ ಬೆಲೆಯ ಐದು ಬಸ್ಸುಗಳು ತರುವುದು 18 ಲಕ್ಷ, ಅಂದರೆ ಶೇ 9. ಬಂಡವಾಳದ ವೆಚ್ಚವೂ ಹುಟ್ಟುವುದಿಲ್ಲ. ಅಲ್ಲಿನ ಸರಾಸರಿ ಮಾತ್ರ ಶೇ 8.1ಕ್ಕೆ ಏರುತ್ತದೆ, ಅಲ್ಲಿನವರು ಬಸ್ಸು ಬೇಕೆಂದೇ ಕೇಳುತ್ತಾರೆ. ಬೇಕಾದ ಕಡೆ ಬೇಡ, ಬೇಡದ ಕಡೆ ಬೇಕು. ಇಬ್ಬರೂ ಅಪ್ರಾಮಾಣಿಕರಲ್ಲ, ಅಳತೆ ಹೇಳಿದಂತೆ ನಡೆದಿದ್ದಾರೆ, ಅಷ್ಟೆ.

ಇದಕ್ಕೆ ಪರ್ಯಾಯವಾದ ಶೇಷ ಆದಾಯದ ಲೆಕ್ಕ ಭಾಗಿಸುವುದಿಲ್ಲ, ಕಳೆಯುತ್ತದೆ. ಲಾಭದಿಂದ ಬಂಡವಾಳದ ಬಾಡಿಗೆಯನ್ನು ತೆಗೆದರೆ ಉಳಿಯುವುದೆಷ್ಟು ಎಂಬುದೇ ಅದರ ಪ್ರಶ್ನೆ. ಹೊಸ ಬಸ್ಸುಗಳು ಬಂದರೆ ಚನ್ನರಾಯಪಟ್ಟಣದ ಶೇಷ 2 ಕೋಟಿಯಿಂದ 2.10 ಕೋಟಿಗೆ ಏರುತ್ತದೆ. ಅರಕಲಗೂಡಿನ ಕೊರತೆ 24 ಲಕ್ಷದಿಂದ 26 ಲಕ್ಷಕ್ಕೆ ಹಿಗ್ಗುತ್ತದೆ. ವ್ಯವಸ್ಥಾಪಕರ ಹಿತವೂ ನಿಗಮದ ಹಿತವೂ ಒಂದೇ ದಿಕ್ಕಿಗೆ ತಿರುಗುತ್ತವೆ.

ಹಾಗೆಂದು ಶೇಷ ಆದಾಯ ನಿರ್ದೋಷಿಯಲ್ಲ. ನನಗೆ ಅತಿ ಗಂಭೀರವಾಗಿ ಕಾಣುವ ಆಕ್ಷೇಪ ಸವಕಳಿಯದು. 40 ಲಕ್ಷದ ಬಸ್ಸು ಹತ್ತು ವರ್ಷ ಓಡಿ ವರ್ಷಕ್ಕೆ 7 ಲಕ್ಷ ನಗದು ಉಳಿಸುತ್ತದೆ ಎನ್ನೋಣ. ಶೇ 10ರ ಬಡ್ಡಿಯಲ್ಲಿ ಆ ಹತ್ತು ವರ್ಷಗಳ ನಗದಿನ ಇಂದಿನ ಮೌಲ್ಯ ಸುಮಾರು 43 ಲಕ್ಷ, ಹಾಗಾಗಿ ಬಸ್ಸು ಕೊಳ್ಳತಕ್ಕದ್ದೇ. ಆದರೆ ವರ್ಷಕ್ಕೆ 4 ಲಕ್ಷ ಸವಕಳಿ ಕಳೆದರೆ ಲಾಭ 3 ಲಕ್ಷ, ಮೊದಲ ವರ್ಷದ ಬಂಡವಾಳದ ಬಾಡಿಗೆ 4 ಲಕ್ಷ. ಶೇಷ ಒಂದು ಲಕ್ಷದ ಕೊರತೆ. ಕೊರತೆ ಮೂರನೇ ವರ್ಷದವರೆಗೂ ಮುಂದುವರಿದು ನಾಲ್ಕನೆಯದರಲ್ಲಿ ಉಳಿಕೆಗೆ ತಿರುಗುತ್ತದೆ. ಅಷ್ಟರಲ್ಲಿ ಬಸ್ಸು ಕೇಳಿದವರಿಗೆ ವರ್ಗವಾಗಿರಬಹುದು, ಫಲ ಮುಂದೆ ಬಂದವರ ಖಾತೆಗೆ. ಇಲ್ಲಿ ಆರ್‌ಒಐ ಇನ್ನೂ ಕೆಟ್ಟದ್ದು: ಅದೇ ಬಸ್ಸು ಮೊದಲ ವರ್ಷ ಶೇ 7.5, ಹತ್ತನೇ ವರ್ಷ ಪುಸ್ತಕದಲ್ಲಿ 4 ಲಕ್ಷವಷ್ಟೇ ಉಳಿದಿರುವಾಗ ಶೇ 75 ತೋರಿಸುತ್ತದೆ. ಹಳೆಯ ಬಸ್ಸುಗಳನ್ನೇ ಓಡಿಸುವ ಡಿಪೊ ಹೀಗೆ ದಕ್ಷವಾಗಿ ಕಾಣುತ್ತದೆ. ಒಂದು ಡಿಪೊದ ಪ್ರತಿಫಲ ಸುಮ್ಮನೆ ಏರುತ್ತಿದ್ದರೆ ಮೊದಲು ನೋಡಬೇಕಾದದ್ದು ಅದರ ಬಸ್ಸುಗಳ ವಯಸ್ಸು. ಶೇಷ ಆದಾಯದ ದೋಷಕ್ಕಾದರೂ ಮದ್ದುಂಟು. ಸವಕಳಿ, ಬಡ್ಡಿ ಎರಡನ್ನೂ ಸೇರಿಸಿ ಸಾಲದ ಕಂತಿನಂತೆ ವರ್ಷಕ್ಕೆ ಸಮನಾಗಿ ಸುಮಾರು 6.51 ಲಕ್ಷ ಹಿಡಿದರೆ, ಮೊದಲ ವರ್ಷದಿಂದಲೇ 49 ಸಾವಿರ ಶೇಷ ಕಾಣುತ್ತದೆ.

ಶೇಷ ಆದಾಯ ರೂಪಾಯಿಯಲ್ಲಿರುವುದರಿಂದ ದೊಡ್ಡ ಡಿಪೊವೇ ಸಾಮಾನ್ಯವಾಗಿ ಮುಂದಿರುತ್ತದೆ ಎಂಬ ಮಾತೂ ನಿಜ. ಆದ್ದರಿಂದ ಹಾಸನವನ್ನು ಅರಕಲಗೂಡಿನ ಪಕ್ಕದಲ್ಲಿ ನಿಲ್ಲಿಸದೆ, ಪ್ರತಿ ಡಿಪೊವನ್ನು ಅದರದೇ ಕಳೆದ ವರ್ಷದ ಎದುರು ನಿಲ್ಲಿಸಬೇಕು. ಕೊರತೆಯಲ್ಲಿರುವ ಡಿಪೊ ಅದನ್ನು ಕಡಿಮೆ ಮಾಡಿದರೆ ಅದೂ ಸಾಧನೆಯೇ.

ಸಾರಿಗೆ ಸೇವೆಯಲ್ಲವೇ, ಇದೆಂಥ ಲಾಭದ ಲೆಕ್ಕ ಎನ್ನುವವರಿಗೆ ಉತ್ತರ ಕೊಡಲೇಬೇಕು. ಹಳ್ಳಿಗೆ ಹೋಗುವ ಕೊನೆಯ ಬಸ್ಸನ್ನು ಲೆಕ್ಕದ ಹೆಸರಲ್ಲಿ ನಿಲ್ಲಿಸುವುದು ಅನ್ಯಾಯ. ಆದರೆ ಅದರ ನಷ್ಟವನ್ನು ಡಿಪೊದ ತಲೆಗೆ ಕಟ್ಟಿ ವ್ಯವಸ್ಥಾಪಕರನ್ನು ಅದಕ್ಷರೆನ್ನುವುದೂ ಅನ್ಯಾಯವೇ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಉಚಿತ ಪ್ರಯಾಣಕ್ಕೆ ಸರ್ಕಾರ ಹಣ ಕೊಡಬೇಕೆಂಬ ತತ್ವವಿದೆ. ಅದೇ ತತ್ವದಲ್ಲಿ ಕಡ್ಡಾಯ ಗ್ರಾಮೀಣ ಮಾರ್ಗಗಳಿಗೆ ಕಿಲೋಮೀಟರಿಗೆ ಇಷ್ಟೆಂದು ದರ ಕಟ್ಟಿ ಡಿಪೊದ ಆದಾಯಕ್ಕೆ ಸೇರಿಸಲಿ. ಬಳಿಕ ಶೇಷ ಎಣಿಸಲಿ.

ಹೊಸ ಬಸ್ಸುಗಳ ಖರೀದಿ ಡಿಪೊದ ಕೈಯಲ್ಲಿಲ್ಲ, ಅದು ನಿಗಮದ ಮಟ್ಟದ ತೀರ್ಮಾನ. ಆದರೂ ಹಂಚಿಕೆಯಾದ ಬಸ್ಸನ್ನು ಸುಮ್ಮನೆ ನಿಲ್ಲಿಸಿಕೊಂಡವರಿಗೆ ಬಾಡಿಗೆ ಬೀಳುವಂತಾದರೆ, ಬಿಟ್ಟುಕೊಡುವ ಮಾತನ್ನು ಅವರೇ ಎತ್ತುತ್ತಾರೆ. ಹಾಸನ ವಿಭಾಗ ಮುಂದಿನ ಆರ್ಥಿಕ ವರ್ಷದಲ್ಲಿ ಈ ನಾಲ್ಕು ಊರುಗಳ ಡಿಪೊಗಳಿಗೆ, ಈಗಿನ ವರದಿಯ ಜೊತೆಯಲ್ಲೇ, ಶೇಷ ಆದಾಯದ ಒಂದು ಕಾಲಂ ಸೇರಿಸಿ ನೋಡಲಿ.